ಫೋಟೋದಲ್ಲಿದ್ದ ಎಂಟು ಗೇಟಿನ ಸರ್ಕ್ಯೂಟು ಒಂದೇ ಐಸಿಗೆ ಇಳಿದ ಕತೆ

ಅಕ್ಕನ ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡ್ತಿದಾಳೆ. ಮೊನ್ನೆ ರಾತ್ರಿ ಊಟ ಆದ್ಮೇಲೆ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ಲು, ಯಾರದೋ ನೋಟ್‌ಬುಕ್ಕಿನ ಪುಟ, ಓರೆಯಾಗಿ ಹಿಡಿದು ತೆಗೆದಿದ್ದು, ಮೇಲಿಂದ ಟ್ಯೂಬ್‌ಲೈಟ್ ಬೆಳಕು ಬಿದ್ದು ಮಧ್ಯದಲ್ಲಿ ಒಂದು ಕಡೆ ಬೆಳ್ಳಗಾಗಿದೆ. ಕೆಳಗೆ ಬರೆದಿದ್ಲು: "ಮಾಮ, ಇದನ್ನ ಸಿಂಪ್ಲಿಫೈ ಮಾಡಿ ಕಡಿಮೆ ಖರ್ಚಿನ ಸರ್ಕ್ಯೂಟ್ ಬರೀಬೇಕಂತೆ. ನಂಗೆ ಉತ್ತರ Y = 1 ಅಂತ ಬರ್ತಿದೆ. ಮೂರು ಸಲ ಮಾಡ್ದೆ, ಮೂರು ಸಲಾನೂ ಅದೇ."

ಆಲ್ಜೀಬ್ರಾ ಅವಳು ತಪ್ಪು ಮಾಡಿರಲಿಲ್ಲ, ಲೆಕ್ಕದ ಹಾಳೆ ಕಳಿಸು ಅಂದೆ, ಒಂದೊಂದು ಸ್ಟೆಪ್ಪೂ ಸರಿ ಇತ್ತು. ಆದ್ರೆ ಯೋಚಿಸಿ ನೋಡಿ, A, B, C ಅಂತ ಮೂರು ಇನ್‌ಪುಟ್ ಕೊಟ್ಟು ಎಂಟು ಗೇಟ್ ಹಾಕಿ ಬರೆದಿರೋ ಸರ್ಕ್ಯೂಟು ಏನು ಕೊಟ್ರೂ ಒಂದೇ ಕೊಡ್ತಾ ಕೂತಿರುತ್ತೆ ಅಂದ್ರೆ ಆ ಜಾಗದಲ್ಲಿ ಒಂದು ವೈರ್ ಎಳೆದು ಐದು ವೋಲ್ಟಿಗೆ ಕಟ್ಟಿಬಿಟ್ರೆ ಸಾಕಿತ್ತು. ಇಂಥ ಉತ್ತರ ಬಂದಾಗ ಲೆಕ್ಕ ಮತ್ತೆ ಮಾಡೋದಕ್ಕಿಂತ ಮೊದಲು ಫೋಟೋನ ಮತ್ತೆ ಓದ್ಬೇಕು, ತಪ್ಪು ಬಹುತೇಕ ಅಲ್ಲೇ ಇರುತ್ತೆ.

ಓದೋದಕ್ಕೆ ನಾನು ಅನುಸರಿಸೋ ಕ್ರಮ ಹೇಳ್ತೀನಿ. ಚಿತ್ರ ನೋಡ್ತಾ ನೋಡ್ತಾ ಇಡೀ ಎಕ್ಸ್‌ಪ್ರೆಶನ್ ಒಂದೇ ಉಸಿರಿಗೆ ಬರೆಯೋಕೆ ಹೋಗ್ಬೇಡಿ. ಪ್ರತಿ ಗೇಟಿನ ಔಟ್‌ಪುಟ್ ವೈರಿಗೂ ಒಂದು ಹೆಸರು ಕೊಡಿ, ಫೋಟೋ ಮೇಲೇ ಫೋನಲ್ಲಿ ಗೀಚಿದ್ರೂ ಆಯ್ತು. ಆಮೇಲೆ ಒಂದೊಂದು ಗೇಟಿಗೆ ಒಂದೊಂದೇ ಸಾಲು ಬರೀರಿ. ಹೀಗೆ ಮಾಡಿದಾಗ ಈ ಫೋಟೋದಿಂದ ಬಂದಿದ್ದು ಇದು:

```
P = A'
Q = B'
R = C'
S = (P + Q)'
T = A·C
U = B·R
V = T + U
Y = V + S
```

ಮೂರು ನಾಟ್, ಒಂದು ನಾರ್, ಎರಡು ಆಂಡ್, ಎರಡು ಆರ್, ಒಟ್ಟು ಎಂಟು. ನಮ್ಮ ಹುಡುಗಿ ಎಡವಿದ್ದು ನಾಲ್ಕನೇ ಸಾಲಲ್ಲಿ. S ಗೇಟಿನ ಮೂತಿಯಲ್ಲಿದ್ದ ಪುಟಾಣಿ ಸೊನ್ನೆ, ಅಂದ್ರೆ ಬಬಲ್, ಸರಿಯಾಗಿ ಆ ಟ್ಯೂಬ್‌ಲೈಟ್ ಬೆಳಕಲ್ಲಿ ಮಾಸಿಹೋಗಿತ್ತು, ಹಾಗಾಗಿ ನಾರ್ ಅವಳಿಗೆ ಆರ್ ಥರ ಕಂಡಿದೆ. ಆಗ S ಅನ್ನೋದು A' + B' ಆಗುತ್ತೆ. ಅದರ ಜೊತೆ AC + BC' ಸೇರಿಸಿ ನೋಡಿ: A ಸೊನ್ನೆ ಆದ್ರೆ A' ಒಂದು, B ಸೊನ್ನೆ ಆದ್ರೆ B' ಒಂದು, A, B ಎರಡೂ ಒಂದು ಆಗಿದ್ರೆ ಉಳಿಯೋದು C + C', ಅದೂ ಒಂದೇ. ಅದಕ್ಕೇ ಮೂರು ಸಲಾನೂ Y = 1.

ಬಬಲ್ ಇದೆಯೋ ಇಲ್ವೋ ಅಂತ ಫೋಟೋದಲ್ಲಿ ಗೊತ್ತಾಗದೇ ಇದ್ರೆ ಝೂಮ್ ಮಾಡಿ ಗೇಟಿನ ಮೂತಿಗೂ ವೈರಿಗೂ ಮಧ್ಯ ಏನಿದೆ ನೋಡಿ. ಬಬಲ್ ಇಲ್ಲದ ಗೇಟಲ್ಲಿ ಗೆರೆ ಮೂತಿಯಿಂದಲೇ ಶುರುವಾಗುತ್ತೆ, ಬಬಲ್ ಇದ್ರೆ ಅಷ್ಟು ಜಾಗ ಬಿಟ್ಟು ಗೆರೆ ಶುರುವಾಗಿರುತ್ತೆ, ಬಬಲ್ ಮಾಸಿದ್ರೂ ಆ ಗ್ಯಾಪ್ ಉಳ್ಕೊಂಡಿರುತ್ತೆ. ಇಲ್ಲೂ ಹಾಗೇ ಇತ್ತು. ಅದೇ ಪುಟದಲ್ಲಿ ನಾಟ್ ಗೇಟುಗಳ ಬಬಲ್ ಎಷ್ಟು ದೊಡ್ಡದಿದೆ ನೋಡ್ಕೊಂಡ್ರೆ ಅಳತೆ ಸಿಗುತ್ತೆ, ಯಾಕಂದ್ರೆ ಬರೆದ ಕೈ ಒಂದೇ.

ಇದಕ್ಕಿಂತ ಭಯ ಪಡಬೇಕಾದ ತಪ್ಪು ಇನ್ನೊಂದಿದೆ. ಈ ಚಿತ್ರದಲ್ಲಿ C ಗೆರೆ ಎಡಗಡೆಯಿಂದ ಬಂದು ಒಂದು ಕವಲು T ಗೇಟಿಗೆ ಹೋಗುತ್ತೆ, ಇನ್ನೊಂದು ನಾಟ್ ಒಳಗೆ ಹೋಗುತ್ತೆ, ನಾಟಿಂದ ಹೊರಗೆ ಬಂದ R ಗೆರೆ ಮೇಲೆ ಹತ್ತಿ C ಗೆರೆಯನ್ನ ದಾಟಿ U ಗೇಟಿಗೆ ಸೇರುತ್ತೆ. ದಾಟೋ ಜಾಗದಲ್ಲಿ ಒಂದು ಕಪ್ಪು ಚುಕ್ಕಿ ಥರ ಕಾಣ್ತಿತ್ತು. ಚುಕ್ಕಿ ಇದ್ರೆ ಜಾಯಿಂಟ್, ಇಲ್ದಿದ್ರೆ ಬರೀ ದಾಟು, ಇದು ಎಲ್ಲರಿಗೂ ಗೊತ್ತು, ಆದ್ರೆ ಪೆನ್ನಿನ ಇಂಕ್ ಚೆಲ್ಲಿದ್ದೂ ಚುಕ್ಕಿ ಥರಾನೇ ಕಾಣುತ್ತೆ. ಅಲ್ಲಿ ಕಣ್ಣು ನಂಬೋದಕ್ಕಿಂತ ಸರ್ಕ್ಯೂಟನ್ನೇ ಕೇಳ್ಬೇಕು: ಅದು ನಿಜವಾಗ್ಲೂ ಜಾಯಿಂಟ್ ಆಗಿದ್ರೆ C ಮತ್ತು C' ಎರಡೂ ಒಂದೇ ವೈರ್ ಆಗ್ಬಿಡುತ್ತೆ, ಅಂದ್ರೆ ನಾಟ್ ಗೇಟಿನ ಔಟ್‌ಪುಟ್ಟನ್ನ ಅದರದೇ ಇನ್‌ಪುಟ್ಟಿಗೆ ಶಾರ್ಟ್ ಮಾಡಿದ ಹಾಗೆ. ಅಂಥ ಸರ್ಕ್ಯೂಟು ಈ ಪ್ರಶ್ನೆಯಲ್ಲಿ ಬರೋಕೆ ಸಾಧ್ಯ ಇಲ್ಲ, ಹಾಗಾಗಿ ಅದು ಇಂಕು. ಇದನ್ನೇ ಎಲ್ಲಾ ಕಡೆ ಬಳಸ್ಬಹುದು. ಔಟ್‌ಪುಟ್ ಕಡೆಯಿಂದ ಹಿಂದಕ್ಕೆ ಹೋಗ್ತಾ ಪ್ರತಿ ಗೇಟಿನ ಪ್ರತಿ ಇನ್‌ಪುಟ್ಟಿಗೂ "ನಿನಗೆ ಯಾರು ಕೊಡ್ತಿದಾರೆ" ಅಂತ ನೋಡಿ, ಸರಿಯಾಗಿ ಒಬ್ಬರೇ ಕೊಡ್ತಿರ್ಬೇಕು. ಇಬ್ಬರು ಸಿಕ್ಕಿದ್ರೆ ದಾಟನ್ನ ಜಾಯಿಂಟ್ ಅಂತ ಓದಿದೀರ, ಯಾರೂ ಸಿಗದಿದ್ರೆ ಎಲ್ಲೋ ಗೆರೆ ತಪ್ಪಿದೆ.

ಭಯ ಯಾಕಂದ್ರೆ, ಇಲ್ಲಿ ಗೊಂದಲ ಆಗಿ U ಗೇಟಿಗೆ C' ಬದಲು C ಹೋಗುತ್ತೆ ಅಂತ ಓದ್ಬಿಟ್ರೆ ಬರೋ ಉತ್ತರ AC + BC + AB. ಇದು ಅಸಂಬದ್ಧ ಅನ್ಸೋದೇ ಇಲ್ಲ, ಮೂರರಲ್ಲಿ ಎರಡಾದ್ರೂ ಒಂದು ಇದ್ರೆ ಒಂದು ಕೊಡೋ ಮೆಜಾರಿಟಿ ಸರ್ಕ್ಯೂಟು, ಫುಲ್ ಆಡರಿನ ಕ್ಯಾರಿ ಕೂಡ ಅದೇ. ಎಷ್ಟು ಪರಿಚಿತ ಅಂದ್ರೆ "ಓ ಇದು ಕ್ಯಾರಿ" ಅಂತ ಖುಷಿಯಾಗಿ ಬರೆದು ಮುಗಿಸ್ತೀರ. Y = 1 ಅನ್ನೋ ತಪ್ಪು ಕೂಗಿ ಹೇಳುತ್ತೆ, ಈ ತಪ್ಪು ಬಾಯೇ ಬಿಡಲ್ಲ. ಇದನ್ನ ಹಿಡಿಯೋದಕ್ಕೆ ಕಡೆಗೆ ಬರ್ತೀನಿ.

ಈಗ ಲೆಕ್ಕ. ಮೊದಲು S ನೋಡಿ, (A' + B')'. ಡಿ ಮಾರ್ಗನ್ ನಿಯಮದಂತೆ ಬಬಲ್ಲನ್ನ ಒಳಗೆ ತಳ್ಳಿದ್ರೆ ಪ್ಲಸ್ ಹೋಗಿ ಗುಣಾಕಾರ ಆಗುತ್ತೆ, A' ಮೇಲಿನ ಇನ್ನೊಂದು ನಾಟ್ ಸೇರಿ ವಾಪಸ್ A ಆಗುತ್ತೆ, B ಕೂಡ ಹಾಗೇ. ಅಂದ್ರೆ S = AB. ಎರಡು ನಾಟು ಒಂದು ನಾರು, ಮೂರು ಗೇಟ್ ಸೇರಿ ಮಾಡ್ತಿದ್ದಿದ್ದು ಒಂದು ಆಂಡ್ ಗೇಟಿನ ಕೆಲಸ. ಹಾಗಾದ್ರೆ ಇಡೀ ಸರ್ಕ್ಯೂಟು:

```
Y = AC + BC' + AB
```

ಇಲ್ಲಿಗೆ ನಿಲ್ಲಿಸೋರು ಬಹಳ ಜನ, ಯಾಕಂದ್ರೆ ಕಾಮನ್ ತೆಗೆಯೋಕೆ ನೋಡಿದ್ರೆ ಏನೂ ಕಟ್ ಆಗಲ್ಲ. A ಹೊರಗೆ ತೆಗೆದ್ರೆ A(C + B) + BC', B ತೆಗೆದ್ರೆ AC + B(C' + A), ಎರಡೂ ಇನ್ನೂ ಅಷ್ಟೇ ಉದ್ದ. ಇಲ್ಲಿ ಸಿಂಬಲ್ ಬಿಟ್ಟು ಅರ್ಥ ನೋಡಿದ್ರೆ ದಾರಿ ಸಿಗುತ್ತೆ. AB ಅನ್ನೋ ತುಂಡು ಹೇಳೋದು "A, B ಎರಡೂ ಒಂದಾಗಿದ್ರೆ ನಾನು ಔಟ್‌ಪುಟ್ ಒಂದು ಮಾಡ್ತೀನಿ" ಅಂತ. ಸರಿ, ಆ ಹೊತ್ತಲ್ಲಿ C ಏನಾಗಿರುತ್ತೆ? ಒಂದಾಗಿದ್ರೆ AC ಆಗಲೇ ಒಂದು ಕೊಟ್ಟಾಗಿದೆ. ಸೊನ್ನೆಯಾಗಿದ್ರೆ BC' ಕೊಟ್ಟಾಗಿದೆ. ಮೂರನೇ ಸಾಧ್ಯತೆ ಇಲ್ಲ. ಅಂದ್ರೆ AB ಗೆ ತನ್ನದೇ ಅಂತ ಒಂದು ಕೆಲಸಾನೂ ಇಲ್ಲ, ಬೇರೆಯವರು ಮಾಡಿ ಮುಗಿಸಿದ್ದನ್ನೇ ಮತ್ತೆ ಮಾಡ್ತಿದೆ. ಬರವಣಿಗೆಯಲ್ಲಿ ತೋರಿಸ್ಬೇಕಂದ್ರೆ AB ಯನ್ನ C + C' ಇಂದ ಗುಣಿಸಿ (ಅದು ಒಂದು ತಾನೇ, ಬೆಲೆ ಬದಲಾಗಲ್ಲ) ABC + ABC' ಅಂತ ಒಡೀರಿ, ಮೊದಲನೇದು AC ಒಳಗೆ ಕರಗುತ್ತೆ, ಎರಡನೇದು BC' ಒಳಗೆ ಕರಗುತ್ತೆ. ಪುಸ್ತಕದಲ್ಲಿ ಇದಕ್ಕೆ ಕನ್ಸೆನ್ಸಸ್ ಥಿಯರಮ್ ಅಂತಾರೆ. ಗುರುತು ಹಿಡಿಯೋದು ಸುಲಭ: ಒಂದು ಟರ್ಮಲ್ಲಿ C, ಇನ್ನೊಂದರಲ್ಲಿ C', ಉಳಿದ ಅಕ್ಷರಗಳನ್ನ ಸೇರಿಸಿದ್ರೆ ಮೂರನೇ ಟರ್ಮ್ ಬಂದ್ರೆ, ಆ ಮೂರನೇದು ಬೇಡ.

ಆಲ್ಜೀಬ್ರಾ ಮೇಲೆ ಧೈರ್ಯ ಇಲ್ದಿದ್ರೆ ಕೆ-ಮ್ಯಾಪ್ ಇದೆ, 1953ರಲ್ಲಿ ಮಾರಿಸ್ ಕಾರ್ನೋ ಪ್ರಕಟಿಸಿದ ವಿಧಾನ, ಕೆ ಅನ್ನೋದು ಅವರ ಹೆಸರಿಂದಲೇ ಬಂದಿದ್ದು.

```
        BC
        00  01  11  10
A=0      0   0   0   1
A=1      0   1   1   1
```

ಕೆಳಸಾಲಲ್ಲಿ 01 ಮತ್ತು 11 ಜೋಡಿ AC ಆಗುತ್ತೆ, ಕೊನೇ ಕಾಲಮ್ಮಿನ ಮೇಲೆ ಕೆಳಗೆ ಜೋಡಿ BC' ಆಗುತ್ತೆ. ಇದ್ದ ನಾಲ್ಕು ಒಂದುಗಳೂ ಇಷ್ಟರಲ್ಲೇ ಮುಗಿದ್ವು. ಕೆಳಸಾಲಿನ 11 ಮತ್ತು 10 ಜೋಡಿ ಕಣ್ಣಿಗೆ ಕಾಣುತ್ತೆ, ಅದೇ AB, ಆದ್ರೆ ಅದು ಮುಚ್ಚೋ ಎರಡು ಮನೆಗಳೂ ಆಗಲೇ ಬೇರೆ ಸುತ್ತಲ್ಲಿ ಸೇರಿಹೋಗಿವೆ. ಕಂಡ ಜೋಡಿಯೆಲ್ಲಾ ಸುತ್ತೋ ಅಭ್ಯಾಸ ಇರೋರು ಇಲ್ಲಿ AB ಸೇರಿಸಿ ಬರೀತಾರೆ. ಹಾಗಾಗಿ ಸುತ್ತೋ ಮೊದಲು, ಬೇರೆ ಯಾವ ಸುತ್ತಿಗೂ ಸೇರದ ಒಂದು ಯಾವುದಿದೆ ಅಂತ ಹುಡುಕ್ಬೇಕು, ಇಲ್ಲಿ A=0 ಸಾಲಿನ ಒಂಟಿ ಒಂದು ಮತ್ತು A=1 ಸಾಲಿನ 01 ಮನೆ, ಅವೆರಡು ಎಳೆದ ಸುತ್ತುಗಳೇ ಸಾಕು.

```
Y = AC + BC'
```

ಈ ಸಾಲು ಒಂದು ಸಲ ಜೋರಾಗಿ ಓದಿ. C ಒಂದಾದ್ರೆ Y ಅಂದ್ರೆ A, C ಸೊನ್ನೆ ಆದ್ರೆ Y ಅಂದ್ರೆ B. ಇದು ಎರಡರಲ್ಲಿ ಒಂದನ್ನ ಆರಿಸೋ ಸ್ವಿಚ್ಚು, ಟು ಟು ಒನ್ ಮಲ್ಟಿಪ್ಲೆಕ್ಸರ್. ಎಂಟು ಗೇಟಿನ ಗೋಜಲಲ್ಲಿ ಇದು ಕಾಣ್ತಾನೇ ಇರಲಿಲ್ಲ. "ಅಯ್ಯೋ ಮಕ್ಸ್ ಅಲ್ವಾ ಮಾಮ ಇದು" ಅಂತ ಅವಳೇ ಹೇಳಿದ್ಲು, ನಂಗೆ ಅಷ್ಟು ಖುಷಿಯಾಯ್ತು.

ಈಗ ಖರ್ಚು. ಎಂಟು ಗೇಟ್ ಇದ್ದಿದ್ದು ನಾಲ್ಕಾಯ್ತು: ಒಂದು ನಾಟ್, ಎರಡು ಆಂಡ್, ಒಂದು ಆರ್. ಅರ್ಧಕ್ಕರ್ಧ ಉಳಿತಾಯ ಅಂತ ಉತ್ತರ ಬರೆದು ಮುಗಿಸ್ಬಹುದು, ಮಾರ್ಕ್ಸೂ ಸಿಗಬಹುದು. ಆದ್ರೆ ಬೆಂಗಳೂರಿನ ಎಸ್ಪಿ ರೋಡಲ್ಲಿ ಯಾವ ಅಂಗಡಿಗೆ ಹೋದ್ರೂ ಒಂದು ಆಂಡ್ ಗೇಟ್ ಕೊಡಿ ಅಂದ್ರೆ ಕೊಡಲ್ಲ, ಐಸಿ ಲೆಕ್ಕದಲ್ಲೇ ಕೊಡೋದು. 7404ರಲ್ಲಿ ಆರು ನಾಟ್ ಇರುತ್ತೆ, 7408ರಲ್ಲಿ ನಾಲ್ಕು ಆಂಡ್, 7432ರಲ್ಲಿ ನಾಲ್ಕು ಆರ್, 7402ರಲ್ಲಿ ನಾಲ್ಕು ನಾರ್. ಫೋಟೋದಲ್ಲಿದ್ದ ಸರ್ಕ್ಯೂಟಿಗೆ ಈ ನಾಲ್ಕೂ ಐಸಿ ಬೇಕಿತ್ತು. ಸಿಂಪ್ಲಿಫೈ ಮಾಡಿದ್ದಕ್ಕೆ? ನಾರ್ ಒಂದು ಹೋಯ್ತು, ಉಳಿದ ಮೂರು ಹಾಗೇ ಇದೆ. ಆ ಮೂರು ಐಸಿಯಲ್ಲಿ ಹದಿನಾಲ್ಕು ಗೇಟ್ ಇದೆ, ನಾವು ಬಳಸೋದು ನಾಲ್ಕು, ಹತ್ತು ಗೇಟು ದುಡ್ಡು ಕೊಟ್ಟು ತಂದು ಸುಮ್ನೆ ಕೂರಿಸಿದ ಹಾಗೆ. ಪೇಪರ್ ಮೇಲೆ ಅರ್ಧ ಆಗಿದ್ದು ಬ್ರೆಡ್‌ಬೋರ್ಡ್ ಮೇಲೆ ಕಾಲು ಭಾಗ ಮಾತ್ರ ಇಳೀತು.

ಇಲ್ಲೇ ನ್ಯಾಂಡ್ ಬರೋದು. ಆಂಡ್ ಗೇಟುಗಳು ಹೋಗಿ ಆರ್ ಗೇಟಿಗೆ ಸೇರೋ ಯಾವ ಸರ್ಕ್ಯೂಟನ್ನಾದ್ರೂ ಆಕಾರ ಬದಲಿಸದೇ ಪೂರ್ತಿ ನ್ಯಾಂಡ್ ಮಾಡ್ಬಹುದು. ಆಂಡಿಂದ ಆರಿಗೆ ಹೋಗೋ ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಬಬಲ್ ಹಾಕಿ. ಎರಡು ಬಬಲ್ ಒಂದನ್ನೊಂದು ಕ್ಯಾನ್ಸಲ್ ಮಾಡೋದ್ರಿಂದ ಔಟ್‌ಪುಟ್ ಬದಲಾಗಲ್ಲ. ಮೂತಿಯಲ್ಲಿ ಬಬಲ್ ಬಂದ ಆಂಡು ನ್ಯಾಂಡ್ ಆಯ್ತು. ಇನ್‌ಪುಟ್ಟುಗಳಲ್ಲಿ ಬಬಲ್ ಬಂದ ಆರ್ ಗೇಟು, ಡಿ ಮಾರ್ಗನ್ ಪ್ರಕಾರ ಅದೂ ನ್ಯಾಂಡೇ. ಉಳಿದಿದ್ದು C' ಮಾಡೋ ನಾಟು, ನ್ಯಾಂಡಿನ ಎರಡೂ ಇನ್‌ಪುಟ್ಟನ್ನ ಸೇರಿಸಿ C ಕೊಟ್ರೆ ಅದು ನಾಟ್ ಆಗುತ್ತೆ.

```
Y = ((AC)' · (BC')')'
```

ಎಣಿಸಿ ನೋಡಿ: ನಾಲ್ಕು ನ್ಯಾಂಡ್. 7400 ಐಸಿಯಲ್ಲಿ ಇರೋದೂ ಸರಿಯಾಗಿ ನಾಲ್ಕು. ಒಂದೂ ಮಿಗಲ್ಲ, ಒಂದೂ ಸಾಲದೇ ಬರಲ್ಲ. ನಾಲ್ಕು ಐಸಿ ಮೂರಾಗಿ, ಮೂರಿದ್ದಿದ್ದು ಒಂದಾಯ್ತು, ಆದ್ರೆ ಎರಡನೇ ಇಳಿತದಲ್ಲಿ ಗೇಟಿನ ಸಂಖ್ಯೆ ಕಡಿಮೆ ಆಗಲೇ ಇಲ್ಲ, ನಾಲ್ಕು ಇದ್ದಿದ್ದು ನಾಲ್ಕೇ ಇದೆ. ಅದಕ್ಕೇ ಪ್ರಶ್ನೆಯಲ್ಲಿ ಕಡಿಮೆ ಖರ್ಚು ಅಂತ ಇದ್ರೆ ಏನನ್ನ ಎಣಿಸ್ತಿದೀವಿ ಅಂತ ಮೊದಲ ಸಾಲಲ್ಲೇ ಬರೀಬೇಕು ಅಂತ ಅವಳಿಗೆ ಹೇಳ್ದೆ. ಚಿಪ್ಪಿನೊಳಗೆ ಸೀಮಾಸ್ ಟ್ರಾನ್ಸಿಸ್ಟರ್ ಎಣಿಸಿದ್ರೂ ನ್ಯಾಂಡೇ ಗೆಲ್ಲುತ್ತೆ, ಎರಡು ಇನ್‌ಪುಟ್ಟಿನ ನ್ಯಾಂಡಿಗೆ ನಾಲ್ಕು ಟ್ರಾನ್ಸಿಸ್ಟರ್ ಸಾಕು, ಆಂಡಿಗೆ ಆರು ಬೇಕು, ಯಾಕಂದ್ರೆ ಅಲ್ಲಿ ಆಂಡ್ ಅಂದ್ರೆ ನ್ಯಾಂಡ್ ಮಾಡಿ ಅದರ ಮುಂದೆ ಒಂದು ನಾಟ್ ಹಾಕಿದ್ದು.

ಹೊಸ ಸರ್ಕ್ಯೂಟು ಬರೆಯುವಾಗ ಗೇಟಿನ ಪಕ್ಕದಲ್ಲೇ ಪಿನ್ ನಂಬರ್ ಬರೆದುಬಿಡಿ, ಆಮೇಲೆ ಲ್ಯಾಬಲ್ಲಿ ಕಟ್ಟೋದು ನೆಟ್ಟಗಾಗುತ್ತೆ:

```
N1:   1=C       2=C        3=C'
N2:   4=A       5=C        6=(AC)'
N3:   9=B      10=C'       8=(BC')'
N4:  12=(AC)'  13=(BC')'  11=Y
      14=+5V    7=GND
```

ಅಂದ್ರೆ ಐಸಿ ಮೇಲೆ ಹೊರಗಿಂದ ಎಳೆಯೋ ಜಂಪರ್ ಮೂರೇ: 3ರಿಂದ 10ಕ್ಕೆ, 6ರಿಂದ 12ಕ್ಕೆ, 8ರಿಂದ 13ಕ್ಕೆ. ಉಳಿದಿದ್ದು ಇನ್‌ಪುಟ್ಟು, ಪವರ್ರು, ಔಟ್‌ಪುಟ್ಟು. ಹಳೇ ಸರ್ಕ್ಯೂಟಲ್ಲಿದ್ದ 7402ನ ಪಿನ್ ಜೋಡಣೆ ಇದಕ್ಕಿಂತ ಬೇರೆ, ಅಲ್ಲಿ 1ನೇ ಪಿನ್ನೇ ಔಟ್‌ಪುಟ್, 2 ಮತ್ತು 3 ಇನ್‌ಪುಟ್, ಅಭ್ಯಾಸಬಲದಿಂದ 7400 ಥರ ಕಟ್ಟಿ ಗಂಟೆಗಟ್ಟಲೆ ಹುಡುಕೋರನ್ನ ನೋಡಿದೀನಿ. ಆ ಐಸಿನೇ ಬೇಡವಾಗಿದ್ದು ಇನ್ನೊಂದು ಲಾಭ.

ಕಟ್ಟಿದ್ಮೇಲೆ ಎಂಟು ಸಾಲೂ ಚೆಕ್ ಮಾಡ್ಬೇಕು, ಮೂರು ನಾಲ್ಕು ನೋಡಿ ಬಿಡೋ ಹಾಗಿಲ್ಲ. ಮೊದಲು ಪೇಪರಲ್ಲಿ: ಫೋಟೋದ ಎಂಟು ಸಾಲು, P ಇಂದ Y ವರೆಗೂ, ಸಿಂಪ್ಲಿಫೈ ಮಾಡದೇ ಹಾಗೇ ಇಟ್ಕೊಂಡು ಒಂದು ಟ್ರೂತ್ ಟೇಬಲ್, ಹೊಸ ಸರ್ಕ್ಯೂಟಿಗೆ ಇನ್ನೊಂದು, ಎರಡೂ ಒಂದೇ ಬರ್ಬೇಕು. ABC ಕ್ರಮದಲ್ಲಿ 010, 101, 110, 111 ಈ ನಾಲ್ಕಕ್ಕೆ ಒಂದು, ಉಳಿದ ನಾಲ್ಕಕ್ಕೆ ಸೊನ್ನೆ. ಆಲ್ಜೀಬ್ರಾದಲ್ಲಿ ತಪ್ಪಿದ್ರೆ ಇಲ್ಲಿ ಸಿಗುತ್ತೆ. ಆದ್ರೆ ಫೋಟೋ ಓದಿದ್ದೇ ತಪ್ಪಾಗಿದ್ರೆ ಎರಡು ಟೇಬಲ್ಲೂ ಒಂದೇ ಥರ ತಪ್ಪಿರುತ್ತೆ, ಅದು ಇಲ್ಲಿ ಸಿಗಲ್ಲ. ಆಗ್ಲೇ ಹೇಳಿದ ಬಾಯಿ ಬಿಡದ ತಪ್ಪು ಅದೇ. ಮಕ್ಸ್‌ಗೂ ಮೆಜಾರಿಟಿಗೂ ಎಂಟರಲ್ಲಿ ಆರು ಸಾಲು ಒಂದೇ, 010 ಮತ್ತು 011 ಮಾತ್ರ ಉಲ್ಟಾ. ಹಾಗಾಗಿ ಆ ಎರಡು ಸಾಲಿಗೆ ಮಾತ್ರ ಬರೆದಿಟ್ಟ ಸಮೀಕರಣ ಮುಚ್ಚಿಟ್ಟು, ಫೋಟೋ ಮೇಲೆ ಬೆರಳಿಟ್ಟು ಸೊನ್ನೆ ಒಂದು ಹೇಳ್ತಾ ಎಡದಿಂದ ಬಲಕ್ಕೆ ಹೋಗಿ. 010 ಕೊಟ್ಟಾಗ C ಸೊನ್ನೆ, ನಾಟ್ ದಾಟಿ ಒಂದು, U ಗೇಟಿಗೆ B ಒಂದು ಮತ್ತು R ಒಂದು, ಔಟ್‌ಪುಟ್ ಒಂದು. ಅವಳ ಕೈಲಿ ಇದನ್ನ ಮಾಡಿಸ್ದೆ, ಇನ್ನೊಬ್ಬ ಫ್ರೆಂಡ್ ಕೈಲೂ ಬೇರೆಯಾಗಿ ಮಾಡಿಸು ಅಂದೆ, ಇಬ್ಬರದ್ದೂ ಹೊಂದಿದ್ಮೇಲೆ ಫೋಟೋ ಮೇಲೆ ನಂಬಿಕೆ ಬಂತು.

ಬೋರ್ಡ್ ಮೇಲೆ ತಪ್ಪಿದ್ರೆ ಯಾವ ಸಾಲು ತಪ್ಪಿದೆ ಅನ್ನೋದೇ ಯಾವ ವೈರ್ ಬಿಟ್ಟಿದೆ ಅಂತ ಹೇಳುತ್ತೆ. 74ಎಲ್‌ಎಸ್ ಐಸಿಯಲ್ಲಿ ಏನೂ ಸೇರಿಸದೇ ಬಿಟ್ಟ ಇನ್‌ಪುಟ್ಟು ಸಾಮಾನ್ಯವಾಗಿ ಒಂದು ಅಂತಲೇ ನಡ್ಕೊಳ್ಳುತ್ತೆ. ಹಾಗಾಗಿ 3ರಿಂದ 10ರ ಜಂಪರ್ ಲೂಸ್ ಆಗಿದ್ರೆ C' ಜಾಗದಲ್ಲಿ ಯಾವಾಗ್ಲೂ ಒಂದು ಕೂತು Y = AC + B ಆಗ್ಬಿಡುತ್ತೆ, ಆಗ ಏಳು ಸಾಲು ಸರಿ ಬಂದು 011 ಒಂದೇ ಒಂದು ತಪ್ಪು ಬರುತ್ತೆ, ಸೊನ್ನೆ ಬರೋ ಕಡೆ ಎಲ್ಇಡಿ ಉರಿಯುತ್ತೆ. ಎಂಟೂ ನೋಡ್ಬೇಕು ಅಂದಿದ್ದು ಇದಕ್ಕೇ.

ಕಡೇದಾಗಿ ಆ AB ಬಗ್ಗೆ ಒಂದು ಮಾತು ಬಾಕಿ ಇದೆ. ಕೆಲಸ ಇಲ್ಲ ಅಂತ ತೆಗೆದು ಹಾಕಿದ್ವಲ್ಲ, ಅದು ಟ್ರೂತ್ ಟೇಬಲ್ ಮಟ್ಟಿಗೆ ಪೂರ್ತಿ ನಿಜ, ಆದ್ರೆ ಟ್ರೂತ್ ಟೇಬಲಲ್ಲಿ ಸಮಯ ಅನ್ನೋದು ಇಲ್ಲ. A, B ಎರಡೂ ಒಂದಾಗಿ ನಿಂತಿವೆ ಅನ್ಕೊಳ್ಳಿ, C ಒಂದರಿಂದ ಸೊನ್ನೆಗೆ ಇಳೀತು. Y ಮೊದಲೂ ಒಂದು, ಆಮೇಲೂ ಒಂದು, ಮಧ್ಯದಲ್ಲೂ ಒಂದಾಗೇ ಇರ್ಬೇಕು. ಆಗೋದು ಬೇರೆ: C ಇಳಿದ ಸುದ್ದಿ AC ಕಡೆಗೆ ನೇರವಾಗಿ ಮುಟ್ಟುತ್ತೆ, BC' ಕಡೆಗೆ N1 ದಾಟಿ ಬರ್ಬೇಕು, ಎಲ್‌ಎಸ್ ಗೇಟಲ್ಲಿ ಅದಕ್ಕೆ ಸುಮಾರು 10 ನ್ಯಾನೊಸೆಕೆಂಡ್ ಹಿಡಿಯುತ್ತೆ. ಆ 10 ನ್ಯಾನೊಸೆಕೆಂಡಲ್ಲಿ AC ಕೈ ಬಿಟ್ಟಿದೆ, BC' ಇನ್ನೂ ಹಿಡ್ಕೊಂಡಿಲ್ಲ, Y ಒಂದು ಸಲ ಸೊನ್ನೆಗೆ ಬಿದ್ದು ಎದ್ದು ಬರುತ್ತೆ. ಇದನ್ನ ಗ್ಲಿಚ್ ಅಂತಾರೆ, ಸ್ಟ್ಯಾಟಿಕ್ ಹ್ಯಾಝರ್ಡ್ ಅಂತಲೂ ಹೇಳ್ತಾರೆ. C ಏರುವಾಗ ಹೀಗಾಗಲ್ಲ, ಆಗ AC ಮೊದಲು ಹಿಡ್ಕೊಂಡು BC' ತಡವಾಗಿ ಬಿಡುತ್ತೆ. ಫೋಟೋದಲ್ಲಿದ್ದ ಹಳೇ ಸರ್ಕ್ಯೂಟಲ್ಲಿ ಈ ತೊಂದರೆ ಇರಲಿಲ್ಲ, ಯಾಕಂದ್ರೆ C ಏನೇ ಆಡಿದ್ರೂ AB ಔಟ್‌ಪುಟ್ಟನ್ನ ಹಿಡ್ಕೊಂಡೇ ಇರ್ತಿತ್ತು.

Y ಹೋಗಿ ಎಲ್ಇಡಿಗೆ ಸೇರಿದ್ರೆ ಇದು ಕಣ್ಣಿಗೆ ಕಾಣೋದೇ ಇಲ್ಲ. ಅದೇ Y ಒಂದು ಕೌಂಟರಿನ ಕ್ಲಾಕ್ ಪಿನ್ನಿಗೆ ಹೋದ್ರೆ ಆ ಒಂದು ಬಿದ್ದೆದ್ದಿದ್ದಕ್ಕೆ ಎಣಿಕೆ ಒಂದು ಜಾಸ್ತಿ ಆಗ್ಬಹುದು, ಒಮ್ಮೆ ಆಗುತ್ತೆ ಒಮ್ಮೆ ಇಲ್ಲ, ಹುಡುಕೋಕೆ ತುಂಬಾ ಕಷ್ಟ, ಮಲ್ಟಿಮೀಟರಲ್ಲಂತೂ ಸಿಗೋದೇ ಇಲ್ಲ, ಒಳ್ಳೆ ಆಸಿಲೋಸ್ಕೋಪ್ ಬೇಕು. ಅಂಥ ಕಡೆ AB ಯನ್ನ ಬೇಕಂತಲೇ ವಾಪಸ್ ಹಾಕ್ತಾರೆ. ಅದಕ್ಕೆ A, B ಗೆ ಇನ್ನೊಂದು ನ್ಯಾಂಡ್ ಹಾಕಿ, ಕೊನೇ ಗೇಟಿಗೆ ಮೂರು ಇನ್‌ಪುಟ್ಟಿನ ನ್ಯಾಂಡ್ ಇರೋ 7410 ಹಾಕಿದ್ರೆ ಒಟ್ಟು ಎರಡು ಐಸಿ, ಆಗ್ಲೂ ಮೊದಲಿನ ನಾಲ್ಕಕ್ಕಿಂತ ಅರ್ಧ.

ಅವಳ ಪ್ರಶ್ನೆಯಲ್ಲಿ Y ಎಲ್ಲಿಗೆ ಹೋಗುತ್ತೆ ಅಂತ ಬರೆದಿರಲಿಲ್ಲ, ಕ್ಲಾಕಿನ ಸುದ್ದಿಯೂ ಇರಲಿಲ್ಲ. ಹಾಗಾಗಿ 7400 ಒಂದರದ್ದೇ ಬರೆದ್ಲು, ಕೆಳಗೆ ಎರಡು ಸಾಲಲ್ಲಿ "A = B = 1 ಇರುವಾಗ C ಇಳಿದರೆ ಗ್ಲಿಚ್ ಬರುತ್ತದೆ, ಬೇಡವಾದರೆ AB ಸೇರಿಸಬೇಕು" ಅಂತ ಸೇರಿಸಿ, ಈ ಸಲ ಪುಟವನ್ನ ನೇರವಾಗಿ ಇಟ್ಟು, ಲೈಟ್ ಪಕ್ಕದಿಂದ ಬೀಳೋ ಹಾಗೆ ಫೋಟೋ ತೆಗೆದು ಕಳಿಸಿದ್ಲು, ನಾಲ್ಕು ಬಬಲ್ಲೂ ಚೆನ್ನಾಗಿ ಕಾಣ್ತಿತ್ತು.